ಮಾಸಿದ ಬಿಲ್ಲಿನ ಅಂಕಿಗಳನ್ನು ಮತ್ತೆ ಓದಬಹುದಾ?

ಪ್ರಶ್ನೆ: ಶಿರಸಿಯಲ್ಲಿ ತೆಗೆದುಕೊಂಡ ಮಿಕ್ಸರ್ ಹಾಳಾಗಿದೆ. ಎರಡು ವರ್ಷದ ವಾರಂಟಿ ಇತ್ತು. ಬಿಲ್ಲನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಜೋಪಾನ ಮಾಡಿದ್ದೆ. ಈಗ ನೋಡಿದರೆ ಬರೀ ಹಳದಿ ಕಾಗದ. ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟರೆ ಅದೂ ಏನೂ ಓದುತ್ತಿಲ್ಲ. ಏನಾದರೂ ಮಾಡಬಹುದಾ?

ಉತ್ತರ: ಅಡ್ಡ ಹಿಡಿದು ನೋಡಿದಾಗ ಕಂದು ನೆರಳಿನ ಹಾಗೆ ಏನಾದರೂ ಕಂಡರೆ, ಹೆಚ್ಚಿನ ಅಂಕಿಗಳು ಸಿಗುತ್ತವೆ. ಆದರೆ ಮೊದಲು ಒಂದು ಮಾತು. ಬಿಲ್ಲನ್ನು ಬಿಸಿ ಮಾಡಬೇಡಿ. ಇಸ್ತ್ರಿ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಈ ಕಾಗದದಲ್ಲಿ ಶಾಯಿ ಇರುವುದಿಲ್ಲ. ಬಣ್ಣವಿಲ್ಲದ ಒಂದು ಡೈ ಮತ್ತು ಅದಕ್ಕೆ ಬಣ್ಣ ಬರಿಸುವ ಇನ್ನೊಂದು ರಾಸಾಯನಿಕ ಮೇಲ್ಪದರದಲ್ಲೇ ಇರುತ್ತವೆ. ಪ್ರಿಂಟರಿನ ಬಿಸಿ ತಾಗಿದಲ್ಲಿ ಎರಡೂ ಕರಗಿ ಸೇರಿ ಕಪ್ಪಾಗುತ್ತವೆ. ನೀವು ಮತ್ತೆ ಬಿಸಿ ಕೊಟ್ಟರೆ ಕಾಗದ ಪೂರ್ತಿ ಕಪ್ಪಾಗುತ್ತದೆ, ಅಷ್ಟೇ.

ಮಾಸುವುದು ಅಂದರೆ ಆ ಜೋಡಿ ಮತ್ತೆ ಬಿಟ್ಟುಹೋಗುವುದು. ಬಿಸಿಲು, ಎಣ್ಣೆ ಕೈ, ನಮ್ಮ ಮಳೆಗಾಲದ ತೇವ ಎಲ್ಲವೂ ಅದಕ್ಕೆ ಕಾರಣ. ಜೊತೆಗೆ ಮೆತ್ತಗಿರುವ ಪಿವಿಸಿ ಕವರ್ ಕೂಡ. ಅದನ್ನು ಮೆತ್ತಗೆ ಇಡಲು ಸೇರಿಸಿದ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಕಾಗದಕ್ಕೆ ಇಳಿಯುತ್ತದೆ. ಜೋಪಾನ ಮಾಡಿದ್ದೇ ಮುಳುವಾಯಿತು, ಅಲ್ವಾ!

ಈಗ ಸ್ಕ್ಯಾನ್. ಮೊಬೈಲ್ ಫೋಟೊ ಬೇಡ, ಅದು ತಾನಾಗಿಯೇ ನುಣುಪು ಮಾಡಿ ಇದ್ದ ನೆರಳನ್ನೂ ಅಳಿಸುತ್ತದೆ. ಗಾಜಿನ ಮೇಲೆ ಇಡುವ ಸ್ಕ್ಯಾನರ್ ಬೇಕು. ಬಿಲ್ಲಿನ ಹಿಂದೆ ಜಾಹೀರಾತು ಅಚ್ಚಾಗಿದ್ದರೆ ಅದರ ಬೆನ್ನಿಗೆ ಒಂದು ಕಪ್ಪು ಹಾಳೆ ಇಡಿ, ಹಿಂಬದಿಯ ಅಕ್ಷರ ಇಣುಕುವುದು ಕಡಿಮೆಯಾಗುತ್ತದೆ. ಕಲರ್‌ನಲ್ಲೇ, 600 ಡಿಪಿಐಗೆ ಸ್ಕ್ಯಾನ್ ಮಾಡಿ ಪಿಎನ್‌ಜಿ ಆಗಿ ಉಳಿಸಿ. ಕಪ್ಪು-ಬಿಳುಪು ಡಾಕ್ಯುಮೆಂಟ್ ಮೋಡ್ ಹಾಕಿದರೆ ಸ್ಕ್ಯಾನರ್ ಮಸುಕಾದದ್ದನ್ನೆಲ್ಲ ಬಿಳಿ ಎಂದು ತೀರ್ಮಾನಿಸಿ ಬಿಸಾಡುತ್ತದೆ. ಜೆಪೆಗ್ ಆದರೆ ಇಂಥ ಸಣ್ಣ ವ್ಯತ್ಯಾಸಗಳನ್ನೇ ಮೊದಲು ಕಳೆಯುತ್ತದೆ. 600 ಯಾಕೆ ಅಂದರೆ, ಬಿಲ್ ಪ್ರಿಂಟರುಗಳು ಸಾಮಾನ್ಯವಾಗಿ ಒಂದು ಮಿಲಿಮೀಟರಿಗೆ 8 ಚುಕ್ಕೆ, ಅಂದರೆ ಇಂಚಿಗೆ ಸುಮಾರು 200 ಚುಕ್ಕೆ ಹೊಡೆಯುತ್ತವೆ. 600ಕ್ಕೆ ಸ್ಕ್ಯಾನ್ ಮಾಡಿದರೆ ಪ್ರತಿ ಚುಕ್ಕೆಗೆ ಉದ್ದ ಅಗಲ ಮೂರು ಮೂರು ಪಿಕ್ಸೆಲ್ ಸಿಗುತ್ತದೆ.

ನೀವು ಕಳಿಸಿದ ಬಿಲ್ಲನ್ನು ಇಲ್ಲಿ ಕಾರವಾರದಲ್ಲಿ ಸ್ಕ್ಯಾನ್ ಮಾಡಿ, ಚಿತ್ರ ತಿದ್ದಲು ಉಚಿತವಾಗಿ ಸಿಗುವ ಜಿಂಪ್ ಸಾಫ್ಟ್‌ವೇರಿನಲ್ಲಿ ತೆರೆದೆ. ಮೊದಲ ಕೆಲಸ ಬಣ್ಣ ಬಿಡಿಸುವುದು. ಪ್ರತಿ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಪದರ ಇರುತ್ತವೆ, ಮಾಸಿದ ಅಕ್ಷರ ಮೂರರಲ್ಲೂ ಒಂದೇ ಥರ ಕಾಣುವುದಿಲ್ಲ. `Colors > Components > Extract Component` ಒತ್ತಿ ಒಂದೊಂದನ್ನೇ ನೋಡಿದೆ. ಇಲ್ಲಿ 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. ಕೆಂಪು ಪದರದಲ್ಲಿ ಕಾಗದ 224, ಅಕ್ಷರ 217. ವ್ಯತ್ಯಾಸ ಬರೀ 7. ನೀಲಿಯಲ್ಲಿ ಕಾಗದ 196, ಅಕ್ಷರ 181. ವ್ಯತ್ಯಾಸ 15, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಅಕ್ಷರ ಕಂದಾಗಿತ್ತು, ಕಂದು ಬಣ್ಣ ನೀಲಿ ಬೆಳಕನ್ನು ಹೆಚ್ಚು ನುಂಗುತ್ತದೆ. ಹಾಗಂತ ಎಲ್ಲ ಬಿಲ್ಲಿಗೂ ನೀಲಿಯೇ ಸರಿ ಅಂತಲ್ಲ. ಅಕ್ಷರ ನೇರಳೆ ಕಡೆಗೆ ತಿರುಗಿದ್ದರೆ ಹಸಿರು ಪದರ ಗೆಲ್ಲಬಹುದು. ಅಳೆದೇ ನೋಡಬೇಕು.

ಎಲ್ಲರೂ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ನೇರವಾಗಿ ಕಾಂಟ್ರಾಸ್ಟ್ ಏರಿಸುತ್ತಾರೆ. ಆಗ ಕಾಗದದ ಹಳದಿ ಕಲೆಗಳೂ ಅಕ್ಷರದ ಜೊತೆಗೇ ಕಪ್ಪಾಗುತ್ತವೆ. ಅದಕ್ಕೇ ಮೊದಲು ಹಿನ್ನೆಲೆಯನ್ನು ಸಮ ಮಾಡಬೇಕು. ಆ ನೀಲಿ ಪದರದ ನಕಲು ತೆಗೆದು (`Duplicate Layer`), ಮೇಲಿನದಕ್ಕೆ `Gaussian Blur` ಹಾಕಿ ಅಕ್ಷರ ಪೂರ್ತಿ ಕರಗಿ ಬರೀ ಕಲೆ ಉಳಿಯುವಷ್ಟು ಮಸುಕು ಮಾಡಿ. ನಾನು 40 ಪಿಕ್ಸೆಲ್ ಇಟ್ಟೆ. ಆಮೇಲೆ ಆ ಪದರದ ಮೋಡ್ `Divide` ಮಾಡಿ. ಕಲೆಯನ್ನು ಕಲೆಯಿಂದಲೇ ಭಾಗಿಸಿದಂತಾಗಿ ಕಾಗದ ಎಲ್ಲ ಕಡೆ ಬಿಳಿಯಾಗುತ್ತದೆ. ಅಕ್ಷರ ಮಾತ್ರ ಸುಮಾರು 235ರಲ್ಲಿ ನಿಂತಿತು.

ಈಗ ಎರಡು ಪದರ ಸೇರಿಸಿ `Colors > Levels` ತೆರೆಯಿರಿ. ಕಪ್ಪಿನ ಗುಬುಟನ್ನು 228ಕ್ಕೆ, ಬಿಳಿಯದನ್ನು 252ಕ್ಕೆ ಎಳೆದೆ. ಅಂಕಿಗಳು ಎದ್ದು ಬಂದವು. ಇನ್ನೂ ಎಳೆದರೆ ಕಾಗದದ ನಾರೇ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ, ದಶಾಂಶದ ಚುಕ್ಕೆ ಯಾವುದು, ಧೂಳು ಯಾವುದು ತಿಳಿಯುವುದಿಲ್ಲ. ಅಕ್ಷರಕ್ಕೂ ಕಾಗದಕ್ಕೂ ಇರುವ ವ್ಯತ್ಯಾಸ ಈ ನಾರಿನ ಏರಿಳಿತಕ್ಕಿಂತ ಕಡಿಮೆಯಿದ್ದರೆ ಕೈಬಿಡಿ. ಅಲ್ಲಿಂದ ಮುಂದೆ ಕಾಣುವುದು ನಮ್ಮ ಊಹೆ.

ಮೊತ್ತದ ಕಾಲಮ್ಮನ್ನು ಮಾತ್ರ ಕತ್ತರಿಸಿ, ಅಕ್ಷರ ಗುರುತಿಸುವ ಸಾಫ್ಟ್‌ವೇರ್ ಆದ ಟೆಸರಾಕ್ಟ್‌ಗೆ ಕೊಟ್ಟೆ:

```
tesseract bill.png out --dpi 600 --psm 6 -c tessedit_char_whitelist=0123456789.
```

ಕೊನೆಯ ಭಾಗ ಅಂಕಿ ಬಿಟ್ಟು ಬೇರೆ ಏನನ್ನೂ ಓದಬೇಡ ಎನ್ನುತ್ತದೆ. ಕಾಲಮ್ ಕತ್ತರಿಸದೆ ಇದನ್ನು ಹಾಕಿದರೆ ಮಾತ್ರ ಫಜೀತಿ. ಹೆಸರಿನಲ್ಲಿರುವ ಅಕ್ಷರಗಳನ್ನೂ ಅಂಕಿ ಮಾಡಿ ಕೂರಿಸುತ್ತದೆ.

ಬಂದದ್ದು ಇದು: ತೆರಿಗೆಗೆ ಮೊದಲಿನ ಬೆಲೆ 4618.84, ಸಿಜಿಎಸ್‌ಟಿ 415.66, ಎಸ್‌ಜಿಎಸ್‌ಟಿ 415.68, ಒಟ್ಟು 3450.00. ನೋಡಿದ ಕೂಡಲೇ ತಪ್ಪು ಗೊತ್ತಾಗುತ್ತದೆ. ಒಟ್ಟು ಮೊತ್ತ ಬೆಲೆಗಿಂತ ಕಡಿಮೆ ಇರಲು ಸಾಧ್ಯವಿಲ್ಲ. ರಾಜ್ಯದೊಳಗಿನ ವ್ಯಾಪಾರದಲ್ಲಿ ಎರಡು ತೆರಿಗೆಗಳೂ ಸಮ, ಅಂದರೆ ಒಂದೇ ಅಂಕಿ ಎರಡು ಸಲ ಅಚ್ಚಾಗಿರುತ್ತದೆ. ಮಾಸಿದ ಬಿಲ್ಲಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮಿಕ್ಸರಿಗೆ 18 ಶೇಕಡಾ, ತಲಾ 9. ಒಟ್ಟಿನ ಮೊದಲ ಅಂಕಿ 3 ಅಲ್ಲ, 5 ಎಂದಿಟ್ಟುಕೊಳ್ಳೋಣ. 5450ನ್ನು 1.18ರಿಂದ ಭಾಗಿಸಿದರೆ 4618.64. ಅದರ 9 ಶೇಕಡಾ 415.68. ಮೂರನ್ನೂ ಕೂಡಿದರೆ ಸರಿಯಾಗಿ 5450.00. ಹೀಗೆ ಮೂರು ತಪ್ಪು ಅಂಕಿಗಳೂ ಲೆಕ್ಕದಿಂದಲೇ ಸರಿಯಾದವು.

ತಾರೀಕಿಗೆ ಇಂಥ ಲೆಕ್ಕ ಇಲ್ಲ. ನಿಮ್ಮ ತೊಂದರೆ ಇದ್ದದ್ದೂ ಅಲ್ಲೇ. ಟೆಸರಾಕ್ಟ್ 13 ಎಂದಿತು. ಮಿಕ್ಸರ್ ನಿಂತದ್ದು ಎರಡು ವರ್ಷದ ನಂತರ ಅದೇ ತಿಂಗಳ 16ಕ್ಕೆ ಅಂದಿರಿ. 13 ಆದರೆ ವಾರಂಟಿ ಮುಗಿದಿದೆ, 18 ಆದರೆ ಇನ್ನೂ ಇದೆ. ಪ್ರಿಂಟರ್ ಒಂದು ಅಳತೆಯ 8ನ್ನು ಪ್ರತಿ ಸಲವೂ ಅದೇ ಚುಕ್ಕೆಗಳಲ್ಲಿ ಹೊಡೆಯುತ್ತದೆ. ಆದ್ದರಿಂದ 4618ರ ಸ್ಪಷ್ಟವಾದ 8ನ್ನು ಕತ್ತರಿಸಿ, ಅರೆಪಾರದರ್ಶಕ ಮಾಡಿ ತಾರೀಕಿನ ಮೇಲೆ ಕೂರಿಸಿದೆ. ಫೋನ್ ನಂಬರಿನಲ್ಲಿದ್ದ 3ನ್ನೂ ಹಾಗೇ ಇಟ್ಟು ನೋಡಿದೆ. 3ಕ್ಕೆ ಎಡಗಡೆ ಬಿಳಿ ಇರಬೇಕು. ಇಲ್ಲಿ ಎಡಗಡೆ ಮೇಲೆ ಕೆಳಗೆ ಎರಡೂ ಕಡೆ ಬೂದು ಚುಕ್ಕೆಗಳು ಇದ್ದವು, 8ರ ಚುಕ್ಕೆಗಳ ಜಾಗದಲ್ಲೇ. ಹಾಗಾಗಿ ಅದು 18 ಎಂದು ನನ್ನ ಅಭಿಪ್ರಾಯ.

ಆದರೆ ಅಭಿಪ್ರಾಯವನ್ನು ಅಂಗಡಿಯವರು ಒಪ್ಪಬೇಕೆಂದಿಲ್ಲ. ತಿದ್ದಿದ ಚಿತ್ರವನ್ನು ಬಿಲ್ ಎಂದು ತೋರಿಸಲೂ ಹೋಗಬೇಡಿ. ಮೇಲಿನ ಮೂಲೆಯ ಬಿಲ್ ನಂಬರ್ ಮಾತ್ರ ಸ್ಪಷ್ಟವಾಗಿ ಬಂದಿದೆ, 1074. ಮೂಲ ಬಿಲ್ಲನ್ನೂ ಈ ನಂಬರನ್ನೂ ಹಿಡಿದು ಅಂಗಡಿಗೆ ಹೋಗಿ. ಅವರ ಕಂಪ್ಯೂಟರಿನಲ್ಲಿ ಹಳೆಯ ಬಿಲ್ ಇದ್ದರೆ ನಂಬರ್ ಹಾಕಿ ಇನ್ನೊಂದು ಪ್ರತಿ ತೆಗೆದುಕೊಡಬಹುದು. ಅದೂ ಇದೇ ಕಾಗದದಲ್ಲಿ ಬರುತ್ತದೆ. ಮನೆಗೆ ಬಂದ ದಿನವೇ ಅದರ ಫೋಟೊ ತೆಗೆದಿಡಿ, ಕೊಟ್ಟೆಗೆ ಮಾತ್ರ ಹಾಕಬೇಡಿ.