ಮಾತ್ರೆ ಇವತ್ತು, ಗುಣ ಮುಂದಿನ ತಿಂಗಳು: ಖಿನ್ನತೆಯ ಔಷಧಿ ಇಷ್ಟು ನಿಧಾನ ಯಾಕೆ?

ಎಸ್ಸಿಟಲೋಪ್ರಾಮ್ ನುಂಗಿದ ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್ ಬ್ಲಾಕ್ ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 30 ಗಂಟೆ, ಅಂದರೆ ಒಂದು ವಾರದಲ್ಲಿ ರಕ್ತದ ಮಟ್ಟ ಸ್ಥಿರವಾಗಿಬಿಡುತ್ತದೆ. ಆದರೂ ರೋಗಿ ಮೊದಲಿನಂತಾಗಲು ನಾಲ್ಕು, ಆರು, ಕೆಲವೊಮ್ಮೆ ಎಂಟು ವಾರ ಬೇಕು. ವೈವಾದಲ್ಲಿ ಈ ಪ್ರಶ್ನೆ ಬಂದರೆ ‘ರಿಸೆಪ್ಟರ್ ಡೌನ್‌ರೆಗ್ಯುಲೇಶನ್’ ಅಂತ ಹೇಳಿ ಮುಗಿಸುವುದು ರೂಢಿ. ಆ ಉತ್ತರ ತಪ್ಪಲ್ಲ, ಆದರೆ ಅದು ಕತೆಯ ಮಧ್ಯದಲ್ಲೇ ನಿಂತುಬಿಡುತ್ತದೆ.

ಹಿಂದಿನದನ್ನು ಬೇಗ ನೋಡೋಣ. 1950ರ ದಶಕದಲ್ಲಿ ಕ್ಷಯದ ವಾರ್ಡ್‌ಗಳಲ್ಲಿ ಇಪ್ರೊನಿಯಾಜಿಡ್ ತೆಗೆದುಕೊಂಡವರು ಗೆಲುವಾದರು, 1957ರಲ್ಲಿ ರೋಲಾಂಡ್ ಕುನ್ ಇಮಿಪ್ರಮಿನ್ ಬಗ್ಗೆ ಬರೆದರು, 1965ರಲ್ಲಿ ಶಿಲ್ಡ್‌ಕ್ರೌಟ್ ಕ್ಯಾಟೆಕೊಲಮೈನ್ ವಾದ ಮುಂದಿಟ್ಟರು. ಕ್ಯಾಟೆಕೊಲಮೈನ್, ಸೆರೊಟೋನಿನ್‌ನಂಥ ಮೊನೊಅಮೈನ್‌ಗಳ ಕೊರತೆಯೇ ಖಿನ್ನತೆಗೆ ಕಾರಣ ಅನ್ನುವುದಾದರೆ ಕೊರತೆ ತುಂಬಿದ ದಿನವೇ ಗುಣ ಕಾಣಬೇಕಿತ್ತು, ಅಲ್ವಾ? ಈ ತೊಡಕು ಮೊದಲಿಂದಲೂ ಇತ್ತು.

1975ರಲ್ಲಿ ವೆಟುಲಾನಿ ಮತ್ತು ಸುಲ್ಸರ್, ಚಿಕಿತ್ಸೆ ದೀರ್ಘವಾಗಿ ನಡೆದಾಗ ಬೀಟಾ ರಿಸೆಪ್ಟರ್ ವ್ಯವಸ್ಥೆ ಮಂದವಾಗುತ್ತದೆ ಎಂದು ಇಲಿಗಳಲ್ಲಿ ತೋರಿಸಿದರು. ಆಮೇಲೆ ಗಮನ, ಸೆರೊಟೋನಿನ್ ಕೋಶಗಳಿರುವ ರಾಫೆಯ 5-HT1A ಆಟೊರಿಸೆಪ್ಟರ್ ಕಡೆಗೆ ತಿರುಗಿತು. ಎಸ್ಸಿಟಲೋಪ್ರಾಮ್‌ನಂಥ ಎಸ್ಎಸ್ಆರ್‌ಐ ಕೊಟ್ಟ ಕೂಡಲೇ ರಾಫೆಯಲ್ಲೂ ಸೆರೊಟೋನಿನ್ ಏರುತ್ತದೆ, ಆಟೊರಿಸೆಪ್ಟರ್ ಅದನ್ನು ಗ್ರಹಿಸಿ ಕೋಶದ ಫೈರಿಂಗ್ ತಗ್ಗಿಸುತ್ತದೆ. ಎರಡು ಮೂರು ವಾರಕ್ಕೆ ಆ ರಿಸೆಪ್ಟರ್ ಸಂವೇದನೆ ಕಳೆದುಕೊಂಡ ಮೇಲೆ ಫೈರಿಂಗ್ ಮೊದಲಿನಂತಾಗುತ್ತದೆ. ಹಾಗಾದರೆ ಆಟೊರಿಸೆಪ್ಟರನ್ನೇ ಮುಚ್ಚಿದರೆ? 1994ರಿಂದ ಪಿಂಡೊಲಾಲ್ ಜೊತೆಗಿಟ್ಟು ನೋಡಿದರು. ಕೆಲವು ಟ್ರಯಲ್‌ಗಳಲ್ಲಿ ಮೊದಲ ಎರಡು ವಾರ ಸ್ವಲ್ಪ ವೇಗ ಕಂಡಿತು, ಕೆಲವದರಲ್ಲಿ ಏನೂ ಕಾಣಲಿಲ್ಲ. ಬ್ರೇಕ್ ತೆಗೆದರೂ ವಾರಗಳ ಕಾಯುವಿಕೆ ತಪ್ಪಲಿಲ್ಲ. ತಡಕ್ಕೆ ಕಾರಣ ರಿಸೆಪ್ಟರ್ ಆಚೆಗೂ ಇದೆ ಅನ್ನುವ ಅನುಮಾನ ಬಲವಾಯಿತು.

1995ರಲ್ಲಿ ರೊನಾಲ್ಡ್ ಡುಮನ್ ಅವರ ತಂಡ, ಖಿನ್ನತೆಯ ಔಷಧಿಗಳನ್ನು ವಾರಗಟ್ಟಲೆ ಕೊಟ್ಟಾಗ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳನ್ನು ಪೋಷಿಸುವ ಪ್ರೋಟೀನ್ ಆದ ಬಿಡಿಎನ್‌ಎಫ್ ಹೆಚ್ಚುತ್ತದೆ ಎಂದು ತೋರಿಸಿತು. 2000ದಲ್ಲಿ ಅದೇ ತಂಡ ಹೊಸ ನರಕೋಶಗಳೂ ಹೆಚ್ಚುತ್ತವೆ ಎಂದಿತು. 2003ರಲ್ಲಿ ರೆನೆ ಹೆನ್ ಅವರ ತಂಡ ಎಕ್ಸ್-ರೇಯಿಂದ ಹಿಪ್ಪೊಕ್ಯಾಂಪಸ್‌ನ ಹೊಸ ಕೋಶಗಳನ್ನು ತಡೆದಾಗ, ಸಣ್ಣ ಜಾತಿಯ ಇಲಿಗಳಾದ ಮೈಸ್‌ಗಳಲ್ಲಿ ಫ್ಲುಯೊಕ್ಸೆಟಿನ್‌ನ ಕೆಲವು ವರ್ತನಾ ಪರಿಣಾಮಗಳೇ ಮಾಯವಾದವು. ಹೊಸ ಕೋಶ ಬೆಳೆದು ಸರ್ಕ್ಯೂಟ್ ಸೇರಲು ನಾಲ್ಕು ವಾರಕ್ಕಿಂತ ಜಾಸ್ತಿ ಬೇಕು, ಔಷಧಿಗೂ ಅಷ್ಟೇ ಬೇಕು. ಎಲ್ಲರಿಗೂ ಈ ಹೊಂದಾಣಿಕೆ ಹಿಡಿಸಿತು. ನನ್ನ ಮಟ್ಟಿಗೆ ಅದು ಅಗತ್ಯಕ್ಕಿಂತ ಬೇಗ ಹಿಡಿಸಿತು. 2018ರಲ್ಲಿ ಒಂದು ತಂಡ ವಯಸ್ಕ ಮನುಷ್ಯರ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳೇ ಸಿಗಲಿಲ್ಲ ಎಂದಿತು, ಇನ್ನೊಂದು ತಂಡ ಅದೇ ವರ್ಷ ಬೇಕಾದಷ್ಟಿವೆ ಎಂದಿತು. ಇಡೀ ತಡವನ್ನು ಆ ಒಂದೇ ಕೋಶದ ಮೇಲೆ ಹೊರಿಸುವುದು ಕಷ್ಟ.

ಇದೆಲ್ಲಕ್ಕಿಂತ ಜಾಸ್ತಿ ತಿಳಿಸಿಕೊಡುವ ಪ್ರಯೋಗ ಖಿನ್ನತೆಯದ್ದೇ ಅಲ್ಲ, ಕಣ್ಣಿನದು. 2008ರಲ್ಲಿ ಮಾಯಾ ವೆಟೆನ್‌ಕೋರ್ಟ್ ಮತ್ತು ಸಂಗಡಿಗರು, ಚಿಕ್ಕಂದಿನಿಂದ ಒಂದು ಕಣ್ಣು ಮುಚ್ಚಿ ಬೆಳೆಸಿದ ಇಲಿಗಳನ್ನು ತೆಗೆದುಕೊಂಡರು. ದೊಡ್ಡವಾದ ಮೇಲೆ ಆ ಕಣ್ಣು ತೆರೆದರೂ ದೃಷ್ಟಿ ಬರುವುದಿಲ್ಲ, ಯಾಕೆಂದರೆ ಕಲಿಯುವ ಅವಧಿ ಮುಗಿದಿರುತ್ತದೆ. ಇವಕ್ಕೆ ಕುಡಿಯುವ ನೀರಿನಲ್ಲಿ ಫ್ಲುಯೊಕ್ಸೆಟಿನ್ ವಾರಗಟ್ಟಲೆ ಕೊಟ್ಟು, ಒಳ್ಳೆಯ ಕಣ್ಣನ್ನು ಮುಚ್ಚಿ ದುರ್ಬಲ ಕಣ್ಣಿನಿಂದಲೇ ನೋಡುವಂತೆ ಮಾಡಿದರು. ದೃಷ್ಟಿ ಮರಳಿತು. ಕಾರ್ಟೆಕ್ಸ್‌ನಲ್ಲಿ ಗಾಬಾ ತಡೆ ತಗ್ಗಿತ್ತು, ಬಿಡಿಎನ್‌ಎಫ್ ಏರಿತ್ತು. ಗಾಬಾ ತಡೆಯನ್ನು ಹೆಚ್ಚಿಸುವ ಡಯಾಜೆಪಾಮನ್ನು ಕಾರ್ಟೆಕ್ಸ್‌ಗೆ ಬಿಟ್ಟಾಗ, ಔಷಧಿ ತಂದಿದ್ದ ಆ ಬದಲಾಗುವ ಗುಣ, ಅಂದರೆ ಪ್ಲಾಸ್ಟಿಸಿಟಿ, ಕಾಣಲಿಲ್ಲ.

2011ರಲ್ಲಿ ಕಾರ್ಪೋವಾ ಮತ್ತು ಈರೊ ಕಾಸ್ಟ್ರೆನ್ ಅವರ ತಂಡ ಭಯದಲ್ಲೂ ಇದನ್ನೇ ಕಂಡಿತು. ಮೈಸ್‌ಗಳಿಗೆ ಶಬ್ದ ಕೇಳಿದರೆ ಶಾಕ್ ಬರುತ್ತದೆ ಎಂದು ಕಲಿಸಿ, ಆಮೇಲೆ ಶಾಕ್ ಇಲ್ಲದೆ ಶಬ್ದವನ್ನಷ್ಟೇ ಕೇಳಿಸುತ್ತಾ ಭಯ ಬಿಡಿಸಿದರು. ಬರೀ ಇಷ್ಟು ಮಾಡಿದರೆ ಭಯ ಮತ್ತೆ ಬರುತ್ತದೆ. ಬರೀ ಫ್ಲುಯೊಕ್ಸೆಟಿನ್ ಕೊಟ್ಟರೂ ಸಾಲದು. ಎರಡೂ ಸೇರಿದಾಗಲೇ ಭಯ ನೆಲೆಯಾಗಿ ಹೋಯಿತು.

ಹಾಗಾಗಿ ಈ ತಡದಲ್ಲಿ ಎರಡು ತುಂಡುಗಳಿವೆ ಅನ್ನಿಸುತ್ತದೆ: ಸರ್ಕ್ಯೂಟ್ ಬದಲಾಗಲು ಸಿದ್ಧವಾಗುವ ಸಮಯ, ಮತ್ತು ದಿನನಿತ್ಯದ ಅನುಭವ ಅದನ್ನು ಬದಲಾಯಿಸುವ ಸಮಯ. ಔಷಧಿ ನೆಲ ಹದ ಮಾಡುತ್ತದೆ, ಬಿತ್ತಿದ್ದು ಬೆಳೆಯುತ್ತದೆ, ಅದು ಕಳೆಯೇ ಆಗಿದ್ದರೂ. 2017ರ ಒಂದು ಅಧ್ಯಯನದಲ್ಲಿ ಒಳ್ಳೆಯ ಪರಿಸರದಲ್ಲಿದ್ದ ಮೈಸ್‌ಗಳು ಫ್ಲುಯೊಕ್ಸೆಟಿನ್‌ನಿಂದ ಸುಧಾರಿಸಿದವು, ಒತ್ತಡ ಮುಂದುವರಿದವು ಇನ್ನಷ್ಟು ಹದಗೆಟ್ಟವು. ಇದು ಕ್ಯಾಥರೀನ್ ಹಾರ್ಮರ್ ಅವರ ಕೆಲಸದ ಜೊತೆಗೂ ಹೊಂದುತ್ತದೆ: ಮನುಷ್ಯರಲ್ಲಿ ಒಂದೇ ಡೋಸ್‌ನಿಂದಲೇ ಮುಖಭಾವ ಗುರುತಿಸುವ ರೀತಿ ಸ್ವಲ್ಪ ಬದಲಾಗಬಹುದು, ಮೂಡ್ ಬದಲಾಗುವುದು ಆ ಹೊಸ ನೋಟದಿಂದ ಜನರ ನಡುವೆ ಬದುಕಿದ ಮೇಲೆ.

2021ರಲ್ಲಿ ಕಾಸಾರೊಟ್ಟೊ ಮತ್ತು ಕಾಸ್ಟ್ರೆನ್ ತಂಡ ಇನ್ನೂ ಮುಂದೆ ಹೋಗಿ, ಫ್ಲುಯೊಕ್ಸೆಟಿನ್, ಇಮಿಪ್ರಮಿನ್, ಕೆಟಮಿನ್ ಮೂರೂ ಬಿಡಿಎನ್‌ಎಫ್‌ನ ರಿಸೆಪ್ಟರ್ ಆದ ಟ್ರ್ಯಾಕ್-ಬಿಗೆ ನೇರವಾಗಿ ಅಂಟುತ್ತವೆ ಎಂದಿತು. ಅಂಟುವಿಕೆ ದುರ್ಬಲ, ಹಾಗಾಗಿ ಮಿದುಳಿನಲ್ಲಿ ಔಷಧಿ ಶೇಖರವಾಗುವವರೆಗೆ ಕಾಯಬೇಕು, ಕೆಟಮಿನ್ ಬೇಗ ಒಳಹೊಗುವುದರಿಂದ ಗಂಟೆಗಳಲ್ಲಿ ಕೆಲಸ ಮಾಡುತ್ತದೆ ಎಂಬುದು ಅವರ ವಾದ. ಫ್ಲುಯೊಕ್ಸೆಟಿನ್‌ಗೆ ಇದು ಒಪ್ಪುತ್ತದೆ. ಬೇರೆಲ್ಲ ಔಷಧಿಗಳಿಗೂ ಒಪ್ಪುತ್ತದೆಂದು ಈಗಲೇ ಹೇಳಿಬಿಡುವುದು ಅವಸರವಾದೀತು.

ಒಪಿಡಿಯಲ್ಲಿ ಇದು ಹೇಗೆ ಕಾಣುತ್ತದೆ? ಒಂದು ಕಲ್ಪಿತ ಉದಾಹರಣೆ. 34 ವರ್ಷದ ಮಹಿಳೆ, ಖಿನ್ನತೆಯ ತೀವ್ರತೆ ಅಳೆಯುವ ಹ್ಯಾಮಿಲ್ಟನ್ ಸ್ಕೋರ್ 24, ಎಸ್ಸಿಟಲೋಪ್ರಾಮ್ 10 ಮಿಗ್ರಾಂ, ನಿದ್ದೆಗೆ ರಾತ್ರಿ ಕ್ಲೊನಜೆಪಾಮ್ 0.5. ಎರಡನೇ ವಾರ ಸ್ಕೋರ್ 19. ‘ಏನೂ ಬದಲಾಗಿಲ್ಲ ಡಾಕ್ಟ್ರೇ’ ಅನ್ನುತ್ತಾರೆ, ಆದರೆ ಊಟ ಸೇರುತ್ತಿದೆ, ಫೋನ್ ಬಂದರೆ ಎತ್ತುತ್ತಾರೆ. ಇಳಿಕೆ 21 ಶೇಕಡಾ. ಎರಡು ವಾರಕ್ಕೆ 20 ಶೇಕಡಾ ಇಳಿದವರಲ್ಲಿ ಮುಂದೆ ಸುಧಾರಿಸುವ ಸಾಧ್ಯತೆ ಜಾಸ್ತಿ, ಅಂದರೆ ಮೊದಲ ಎರಡು ವಾರ ಸುಮ್ನೆ ಖಾಲಿ ಹೋಗುವುದಿಲ್ಲ. ಬಿಟ್ಟುಹೋದ ಚಟುವಟಿಕೆಗಳಿಗೆ ಹಂತಹಂತವಾಗಿ ಮರಳಿಸುವ ಬಿಹೇವಿಯರಲ್ ಆ್ಯಕ್ಟಿವೇಶನ್ ಶುರು ಮಾಡಲು, ಮನೆಯವರ ಜೊತೆ ಕೂತು ಮಾತಾಡಲು ಇದೇ ಹೊತ್ತು. ಸಾಮಾನ್ಯವಾಗಿ ನಾವು ಇದನ್ನು ಆರನೇ ವಾರಕ್ಕೆ ತಳ್ಳುತ್ತೇವೆ, ಅದು ನನಗೆ ಸರಿಕಾಣುವುದಿಲ್ಲ. ಡಯಾಜೆಪಾಮ್‌ನ ಗುಂಪಿನದೇ ಆದ ಕ್ಲೊನಜೆಪಾಮ್ ಮೊದಲ ವಾರಗಳಲ್ಲಿ ರೋಗಿ ಚಿಕಿತ್ಸೆ ಬಿಡದಂತೆ ನೋಡಿಕೊಳ್ಳಲು ಉಪಯುಕ್ತ. ಇಲಿಯ ಡಯಾಜೆಪಾಮ್ ಫಲಿತಾಂಶ ಮನುಷ್ಯರಿಗೆ ಅನ್ವಯಿಸುತ್ತದೆಂದು ಸಾಬೀತಾಗಿಲ್ಲ, ಆದರೂ ಎರಡರಿಂದ ನಾಲ್ಕು ವಾರದಲ್ಲಿ ಇಳಿಸಲು ಅವಲಂಬನೆಯ ಭಯವೊಂದೇ ಸಾಕು.

ಇದೇ ರೋಗಿಯ ಸ್ಕೋರ್ 24ರಲ್ಲೇ ನಿಂತಿದ್ದರೆ? ‘ಪ್ಲಾಸ್ಟಿಸಿಟಿಗೆ ಸಮಯ ಬೇಕು’ ಅಂತ ಎಂಟು ವಾರ ದೂಡಬಾರದು. ಮಾತ್ರೆ ನಿಜವಾಗಿ ತೆಗೆದುಕೊಳ್ಳುತ್ತಿದ್ದಾರಾ, ಡೋಸ್ ಸಾಕಾ, ಥೈರಾಯ್ಡ್ ಹೇಗಿದೆ, ಹಿಂದೆ ಹೈಪೊಮೇನಿಯಾ ಬಂದಿತ್ತಾ ಎಂದು ಕೆದಕಬೇಕು. ಚಿಕ್ಕ ವಯಸ್ಸಿನವರಲ್ಲಿ ಈ ಮೊದಲ ವಾರಗಳಲ್ಲೇ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು, ಪ್ರತಿ ಭೇಟಿಯಲ್ಲೂ ನೇರವಾಗಿ ಕೇಳಬೇಕು.

ಮನುಷ್ಯರ ಮಿದುಳಿನಲ್ಲಿ ಇದನ್ನು ನೋಡುವ ದಾರಿ ಈಗಷ್ಟೇ ತೆರೆದಿದೆ. 2023ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನದಲ್ಲಿ ಆರೋಗ್ಯವಂತರಿಗೆ ಮೂರರಿಂದ ಐದು ವಾರ ಎಸ್ಸಿಟಲೋಪ್ರಾಮ್ ಅಥವಾ ಪ್ಲಸೀಬೊ ಕೊಟ್ಟು, ಸಿನಾಪ್ಸ್‌ಗಳಲ್ಲಿರುವ SV2A ಪ್ರೋಟೀನನ್ನು ಪೆಟ್ ಸ್ಕ್ಯಾನ್‌ನಲ್ಲಿ ಅಳೆದರು. ಎರಡು ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಆದರೆ ಔಷಧಿ ಗುಂಪಿನಲ್ಲಿ ಹೆಚ್ಚು ದಿನ ತೆಗೆದುಕೊಂಡವರಲ್ಲಿ ಅಳತೆ ಹೆಚ್ಚಿತ್ತು, ಪ್ಲಸೀಬೊ ಗುಂಪಿನಲ್ಲಿ ಹಾಗಿರಲಿಲ್ಲ. ಭಾಗವಹಿಸಿದವರಿಗೆ ಖಿನ್ನತೆ ಇರಲಿಲ್ಲ, ಒಬ್ಬೊಬ್ಬರಿಗೂ ಒಂದೇ ಸಲ ಸ್ಕ್ಯಾನ್ ಆಗಿತ್ತು. ಖಿನ್ನತೆ ಇರುವವರಲ್ಲಿ ಔಷಧಿಗೆ ಮುಂಚೆ, ಎರಡನೇ ವಾರ, ಆರನೇ ವಾರ ಇದೇ ಸ್ಕ್ಯಾನ್ ಮಾಡಿ, ಪಕ್ಕದಲ್ಲಿ ಹ್ಯಾಮಿಲ್ಟನ್ ಸ್ಕೋರ್ ಇಟ್ಟು ನೋಡಿದರೆ, ಮೊದಲು ಏರುವುದು ಸಿನಾಪ್ಸೋ ಮೂಡೋ ಎಂದು ಹೇಳಬಹುದು.