ಏಳು ಟೇಬಲ್, ಒಂದು ಕಡತ

ಕಚೇರಿಯಲ್ಲಿ ಲಂಚ ನಿಲ್ಲಿಸಬೇಕು ಎಂದು ಸಲಹೆ ಕೇಳುವ ಅಧಿಕಾರಿಗಳು ಸಾಮಾನ್ಯವಾಗಿ ಮೊದಲು ತೋರಿಸುವುದು ಹೊಸದಾಗಿ ಹಾಕಿಸಿದ ಕ್ಯಾಮೆರಾಗಳನ್ನು, ಆಮೇಲೆ ಗಾಜಿನ ಕೌಂಟರನ್ನು, ಕೊನೆಗೆ ‘ಲಂಚ ಕೊಡಬೇಡಿ’ ಎಂಬ ಫಲಕವನ್ನು. ಕಡತಗಳು ಎಲ್ಲಿ ಕೂತಿವೆ ಎಂದು ಕೇಳಿದರೆ ಕೌಂಟರಿನ ಹಿಂದಿನ ಕೋಣೆಯತ್ತ ಕೈ ಮಾಡುತ್ತಾರೆ. ಆ ಕೋಣೆಯಲ್ಲಿ ಏನೂ ಬದಲಾಗಿರುವುದಿಲ್ಲ. ಲಂಚ ಕೌಂಟರಿನಲ್ಲಿ ಹುಟ್ಟುವುದಿಲ್ಲ, ಅಲ್ಲಿ ಬರೀ ಕೈ ಬದಲಾಗುತ್ತದೆ. ಈಗ ಅದೂ ಇಲ್ಲ: ಕೈ ಬದಲಾಗುವುದು ಹೊರಗೆ, ಮಧ್ಯವರ್ತಿಯ ಬಳಿ, ಕ್ಯಾಮೆರಾದ ಕಣ್ಣಿಗೆ ಬೀಳದ ಕಡೆ.

ಸಣ್ಣ ಲಂಚದಲ್ಲಿ ಮಾರಾಟವಾಗುವ ಸರಕು ಯಾವುದು ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಬಹಳಷ್ಟು ಸಲ ಅದು ಅನುಮತಿಯಲ್ಲ, ಸಮಯ. ಚಿಕ್ಕ ಮನೆ ಕಟ್ಟಲು ಪರವಾನಗಿ ಕೇಳಿದ ಒಂದು ಅರ್ಜಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಟಪಾಲು ವಿಭಾಗದಲ್ಲಿ 10 ನಿಮಿಷ, ನೋಂದಣಿಗೆ 5, ತೆರಿಗೆ ಬಾಕಿ ನೋಡಲು 10, ನಕ್ಷೆ ಪರಿಶೀಲನೆಗೆ 90, ಸ್ಥಳ ತಪಾಸಣೆಗೆ 60, ಮೇಲ್ವಿಚಾರಕರು ಓದಲು 15, ಸಹಿಗೆ 5. ಏಳು ಟೇಬಲ್‌ಗಳನ್ನೂ ಕೂಡಿಸಿದರೆ ಕೆಲಸ ಮೂರೂಕಾಲು ಗಂಟೆಯದು. ಆದರೆ ನಿಯಮ ಕೊಟ್ಟಿರುವ ಗಡುವು 30 ದಿನ ಎಂದಿಟ್ಟುಕೊಳ್ಳಿ. ಒಂದು ದಿನಕ್ಕೂ ಕಡಿಮೆ ಕೆಲಸ, 30 ದಿನದ ಅವಕಾಶ. ನಡುವಿನ 29 ದಿನಗಳೇ ಆ ಕಚೇರಿಯ ದಾಸ್ತಾನು. ಯಾರೂ ನಿಯಮ ಮುರಿಯದೆಯೇ ಅದನ್ನು ಮಾರಬಹುದು. ಇಪ್ಪತ್ತೊಂಬತ್ತನೇ ದಿನ ಸಹಿಯಾದ ಕಡತದ ಬಗ್ಗೆ ಯಾವ ಲೆಕ್ಕಪರಿಶೋಧಕನೂ ಷರಾ ಬರೆಯಲಾರ.

ಇನ್ನು ಏಳು ಟೇಬಲ್‌ಗಳ ಮಾತು. ‘ಹಂತ ಹೆಚ್ಚಾದಷ್ಟೂ ತಪಾಸಣೆ ಹೆಚ್ಚು, ಹಾಗಾಗಿ ಲಂಚ ಕಡಿಮೆ’ ಎಂಬ ನಂಬಿಕೆ ಆಡಳಿತದಲ್ಲಿ ಆಳವಾಗಿ ಬೇರೂರಿದೆ. ಇದು ಎಷ್ಟು ತಪ್ಪೆಂದು ತಿಳಿಯಲು ಕಚೇರಿ ಬಿಟ್ಟು ರಸ್ತೆಗೆ ಇಳಿಯಬೇಕು. ಇಂಡೊನೇಷ್ಯಾದ ‘ಆಚೆ’ ಎಂಬ ಹೆಸರಿನ ಪ್ರಾಂತ್ಯದಲ್ಲಿ ಬೆಂಜಮಿನ್ ಓಲ್ಕನ್ ಮತ್ತು ಪ್ಯಾಟ್ರಿಕ್ ಬ್ಯಾರನ್ ಎಂಬ ಸಂಶೋಧಕರು ಲಾರಿ ಚಾಲಕರ ಪಕ್ಕದಲ್ಲಿ ಜನರನ್ನು ಕೂರಿಸಿ, 304 ಪ್ರಯಾಣಗಳಲ್ಲಿ ಕೊಟ್ಟ 6,000ಕ್ಕೂ ಹೆಚ್ಚು ಮಾಮೂಲುಗಳನ್ನು ಒಂದೊಂದಾಗಿ ಬರೆಸಿಕೊಂಡರು. ಬಂಡುಕೋರರೊಂದಿಗಿನ 2005ರ ಶಾಂತಿ ಒಪ್ಪಂದದ ಬಳಿಕ ಸೈನ್ಯ, ಪೊಲೀಸರು ಹಿಂದೆ ಸರಿದಂತೆ ದಾರಿಯ ತಪಾಸಣಾ ಠಾಣೆಗಳು ಕಡಿಮೆಯಾದವು. ಉಳಿದ ಠಾಣೆಗಳವರು ಸುಮ್ಮನಿರಲಿಲ್ಲ, ತಮ್ಮ ದರ ಏರಿಸಿದರು. ಒಟ್ಟು ಮೊತ್ತ ಇಳಿಯಿತು ನಿಜ, ಆದರೆ ಠಾಣೆಗಳು ಇಳಿದಷ್ಟು ಇಳಿಯಲಿಲ್ಲ. ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು: ಲಾರಿ ತಲುಪಬೇಕಾದ ಊರು ಸಮೀಪಿಸಿದಷ್ಟೂ ಠಾಣೆಯವರು ಹೆಚ್ಚು ಕೇಳುತ್ತಿದ್ದರು. ಅಷ್ಟು ದೂರ ಬಂದು, ಅಷ್ಟು ಕೊಟ್ಟು ಬಂದವನು ಕೊನೆಯಲ್ಲಿ ಹಿಂದಿರುಗಲಾರ ಎಂಬುದು ಅವರಿಗೆ ಗೊತ್ತು.

ಕಡತಕ್ಕೂ ಇದೇ ಗತಿ. ಆರು ಟೇಬಲ್ ದಾಟಿದ ಅರ್ಜಿದಾರ ಏಳನೆಯದರಲ್ಲಿ ಸಿಕ್ಕಿಬಿದ್ದಿರುತ್ತಾನೆ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂದು ನಮ್ಮವರು ಹೇಳುವಾಗ ಗೊಣಗುವುದು ಈ ಕೊನೆಯ ಟೇಬಲ್ಲಿನ ಬಗ್ಗೆಯೇ.

ಹಾಗಾದರೆ ಟೇಬಲ್ ಕಡಿಮೆ ಮಾಡಿದರೆ ಸಾಕೇ? ಸಾಲದು. ಮೇಲಿನ ಉದಾಹರಣೆಯಲ್ಲಿ ನೋಂದಣಿ ಮತ್ತು ತೆರಿಗೆ ಬಾಕಿ ಎರಡೂ ಹೌದು–ಇಲ್ಲ ಎಂಬ ಉತ್ತರದ ಕೆಲಸಗಳು. ಅವನ್ನು ಟಪಾಲಿನ ಕಿಟಕಿಗೇ ಸೇರಿಸಬಹುದು. ಸ್ಥಳ ತಪಾಸಣೆಯನ್ನು ನಕ್ಷೆ ನೋಡುವ ಟೇಬಲ್ಲಿನವರೇ ಮಾಡಲಿ. ಮೇಲ್ವಿಚಾರಕರು ಕೆಳಗಿನವರು ಬರೆದದ್ದನ್ನೇ ಓದಿ ‘ಮಂಡಿಸಿದೆ’ ಎಂದು ಬರೆಯುತ್ತಾರೆ, ಅಷ್ಟೆ. ಅವರನ್ನು ದಾರಿಯಿಂದ ತೆಗೆದು, ಸಹಿಯಾದ ಕಡತಗಳಲ್ಲಿ ನೂರಕ್ಕೆ ಐದನ್ನು ಚೀಟಿ ಎತ್ತಿ ಮರುಪರಿಶೀಲಿಸುವ ಕೆಲಸ ಕೊಡಬೇಕು. ಏಳು ಮೂರಾಯಿತು. ಇಲ್ಲಿಗೇ ನಿಲ್ಲಿಸಿದರೆ ಇಂಡೊನೇಷ್ಯಾದ ಆ ಠಾಣೆಗಳಂತೆ ಉಳಿದ ಮೂರು ಟೇಬಲ್ ದರ ಏರಿಸುತ್ತವೆ, ‘ಸುಧಾರಣೆಯಾದ ಮೇಲೆ ರೇಟು ಜಾಸ್ತಿಯಾಯಿತು’ ಎಂದು ಜನ ಬೈಯುತ್ತಾರೆ. ಅವರು ಬೈಯುವುದರಲ್ಲಿ ತಪ್ಪೂ ಇಲ್ಲ.

ಆದ್ದರಿಂದ ಉಳಿದ ಟೇಬಲ್‌ಗಳ ಏಕಸ್ವಾಮ್ಯ ಮುರಿಯಬೇಕು. ಕಿಟಕಿ ಮೂರಿದ್ದರೆ ಯಾವ ಕಿಟಕಿಗಾದರೂ ಅರ್ಜಿ ಕೊಡುವಂತಿರಲಿ, ಒಬ್ಬನಿಗೆ ಒಂದು ಬಡಾವಣೆ ಎಂದು ಹಂಚಬೇಡಿ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ನಗರಾಡಳಿತ 1990ರ ದಶಕದ ಕೊನೆಯಲ್ಲಿ ಸುಧಾರಣೆಗೆ ಕೈಹಾಕಿದಾಗ ಮಾಡಿದ ಕೆಲಸಗಳಲ್ಲಿ ಒಂದು ಇದೇ: ಒಬ್ಬ ಅಧಿಕಾರಿಗೆ ಒಂದು ಪ್ರದೇಶ ಎಂಬ ಪದ್ಧತಿಯನ್ನು ತೆಗೆದುಹಾಕಿತು. 1999ರಲ್ಲಿ ಅರ್ಜಿಯ ಪ್ರತಿ ಹಂತವನ್ನೂ ಅಂತರ್ಜಾಲದಲ್ಲಿ ತೋರಿಸುವ ವ್ಯವಸ್ಥೆ ಬಂತು. ಜನ ಹೊಗಳುವುದು ಎರಡನೆಯದನ್ನು, ನನಗೆ ಮೊದಲನೆಯದೇ ಮುಖ್ಯ ಎನಿಸುತ್ತದೆ. ನಿಮ್ಮ ಕಡತ ಯಾರ ಬಳಿ ಸಿಕ್ಕಿದೆ ಎಂದು ಪರದೆಯ ಮೇಲೆ ಕಂಡರೆ, ಯಾರನ್ನು ‘ನೋಡಬೇಕು’ ಎಂಬುದೂ ತಿಳಿದಂತಾಯಿತಲ್ಲ! ನಕ್ಷೆಯ ಟೇಬಲ್ಲಿನವರಲ್ಲಿ ತಪಾಸಣೆಗೆ ಹೋಗುವವರ ಹೆಸರು ಆ ದಿನ ಬೆಳಿಗ್ಗೆ ಚೀಟಿಯಿಂದ ನಿರ್ಧಾರವಾಗಲಿ, ಅರ್ಜಿದಾರನಿಗೆ ಮುಂಚೆ ತಿಳಿಯದಿರಲಿ.

ಸರದಿಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಪರಿಶೀಲಕನ ಪರದೆಯಲ್ಲಿ ನಲವತ್ತು ಕಡತಗಳ ಪಟ್ಟಿ ಕಾಣಿಸಿದರೆ ಆತ ಆರಿಸುತ್ತಾನೆ. ಆರಿಸುವ ಅಧಿಕಾರವೇ ಮಾರುವ ಅಧಿಕಾರ. ಆತನಿಗೆ ಕಾಣಬೇಕಾದದ್ದು ಸರದಿಯ ತಲೆಯಲ್ಲಿರುವ ಒಂದೇ ಕಡತ. ಅದನ್ನು ಮುಗಿಸದೆ ಮುಂದಿನದು ತೆರೆಯಬಾರದು. ಕರ್ನಾಟಕದ ಭೂಮಿ ಯೋಜನೆಯಲ್ಲಿ ಪಹಣಿ ಬದಲಾವಣೆಗೆ ‘ಮೊದಲು ಬಂದದ್ದು ಮೊದಲು’ ನಿಯಮವನ್ನು ತಂತ್ರಾಂಶದಲ್ಲೇ ಕೂರಿಸಿದ್ದು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗುವಂತೆ ಮಾಡಿದ್ದು ಇದಕ್ಕಾಗಿಯೇ. ಅರ್ಜಿದಾರನ ಕಡೆಗೆ ತಿರುಗಿಸಿದ ಎರಡನೇ ಪರದೆಯೂ ಅಲ್ಲಿತ್ತು.

ಆದರೆ ಸರದಿಗೆ ಒಂದು ಹಿಂಬಾಗಿಲಿದೆ, ಅದರ ಹೆಸರು ಆಕ್ಷೇಪಣೆ. ‘ದಾಖಲೆ ಅಪೂರ್ಣ’ ಎಂದು ಬರೆದು ಕಡತ ವಾಪಸು ಕಳಿಸಿದರೆ ಅದು ಸರದಿಯಿಂದ ಹೊರಬಿತ್ತು. ಅರ್ಜಿದಾರ ದಾಖಲೆ ತಂದಾಗ ಹೊಸ ತಾರೀಖು ಬೀಳುತ್ತದೆ, ಸಾಲಿನ ಬಾಲಕ್ಕೆ ಹೋಗುತ್ತಾನೆ. ಮರುವಾರ ಇನ್ನೊಂದು ಆಕ್ಷೇಪಣೆ. ಕಾಗದದ ಮೇಲೆ ಸರದಿ ಅಚ್ಚುಕಟ್ಟಾಗಿಯೇ ಇರುತ್ತದೆ, ಒಳಗೆ ವ್ಯಾಪಾರ ನಡೆಯುತ್ತಿರುತ್ತದೆ. ಇದಕ್ಕೆ ಮೂರು ಬಿಗಿ ಬೇಕು, ಮೂರೂ ಒಟ್ಟಿಗೆ ಬೇಕು. ಆಕ್ಷೇಪಣೆ ಒಂದೇ ಸಲ, ಎಲ್ಲವೂ ಒಂದೇ ಪತ್ರದಲ್ಲಿ, ಇಷ್ಟು ದಿನದೊಳಗೆ ಎಂದಿರಬೇಕು. ಐದು ಕೆಲಸದ ದಿನ ಧಾರಾಳವಾಯಿತು. ಪ್ರತಿ ಆಕ್ಷೇಪಣೆಯ ಎದುರು ನಿಯಮದ ಸಂಖ್ಯೆ ಬರೆಯಬೇಕು, ಸಂಖ್ಯೆ ಇಲ್ಲದಿದ್ದರೆ ತಂತ್ರಾಂಶ ಅದನ್ನು ಸ್ವೀಕರಿಸಬಾರದು. ದಾಖಲೆ ತಂದ ಕಡತ ತನ್ನ ಹಳೆಯ ತಾರೀಖಿನ ಜಾಗಕ್ಕೇ ಮರಳಬೇಕು. ಈ ಕೊನೆಯದನ್ನು ಮರೆಯುವ ಕಚೇರಿಗಳೇ ಹೆಚ್ಚು, ಮರೆತರೆ ಮೊದಲೆರಡು ದಂಡ. ಪ್ರಾಮಾಣಿಕ ಪರಿಶೀಲಕನಿಗೂ ಕೆಲವೊಮ್ಮೆ ಎರಡನೇ ಆಕ್ಷೇಪಣೆ ಬೇಕಾಗಬಹುದು. ಹೊಸ ದಾಖಲೆಯಲ್ಲೇ ದೋಷವಿದ್ದರೆ ಮೇಲಧಿಕಾರಿಯ ಒಪ್ಪಿಗೆಯೊಂದಿಗೆ ಬರೆಯಲಿ.

ಇವೆಲ್ಲ ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಸಮೀಕ್ಷೆ ಬೇಡ, ಒಂದು ಮಧ್ಯಾಹ್ನ ಸಾಕು. ಇತ್ತೀಚೆಗೆ ವಿಲೇವಾರಿಯಾದ 100 ಕಡತಗಳನ್ನು ಬಂದ ತಾರೀಖಿನ ಕ್ರಮದಲ್ಲಿ ಬರೆಯಿರಿ, ಪಕ್ಕದಲ್ಲಿ ಪ್ರತಿಯೊಂದೂ ಎಷ್ಟನೆಯದಾಗಿ ಹೊರಬಿತ್ತು ಎಂದು ಬರೆಯಿರಿ. ಅಕ್ಕಪಕ್ಕದ 99 ಜೋಡಿಗಳಲ್ಲಿ ಆಮೇಲೆ ಬಂದದ್ದು ಮೊದಲು ಹೊರಬಿದ್ದ ಜೋಡಿ ಎಷ್ಟು? ಸರದಿ ನಿಜವಾಗಿದ್ದರೆ ಬೆರಳೆಣಿಕೆಯಷ್ಟು. ಕಡತಗಳನ್ನು ಇಸ್ಪೀಟಿನಂತೆ ಕಲಸಿ ತೆಗೆದರೂ ಐವತ್ತರ ಆಸುಪಾಸು ಬರುತ್ತದೆ, ಅದು ಅವ್ಯವಸ್ಥೆಯ ಗುರುತು, ಲಂಚದ್ದೇ ಎನ್ನಲಾಗದು. ಲಂಚದ ಗುರುತು ಬೇರೆ: ಕೆಲವೇ ಕಡತಗಳು ಇಪ್ಪತ್ತು–ಮೂವತ್ತನ್ನು ಹಾರಿ ಮುಂದೆ ಬಂದಿರುತ್ತವೆ, ಉಳಿದವು ಗಡುವಿನ ಕೊನೆಯ ಎರಡು ದಿನಗಳಲ್ಲಿ ರಾಶಿ ಬಿದ್ದಿರುತ್ತವೆ. ಹಾರಿದವುಗಳನ್ನು ತೆಗೆದಿಟ್ಟು ನಕ್ಷೆ ಬರೆದವರ ಹೆಸರು, ಪರಿಶೀಲಕರ ಹೆಸರು ನೋಡಿ. ಒಂದೇ ಜೋಡಿ ಮತ್ತೆ ಮತ್ತೆ ಬಂದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು. ಪುರಾವೆ ಸಿಕ್ಕಿತು ಎಂದು ಮಾತ್ರ ಕುಣಿಯಬೇಡಿ.

ಇಷ್ಟಾದರೂ ಈ ಮದ್ದಿಗೆ ಮಿತಿಯಿದೆ. ಅರ್ಹನಿಗೆ ಸಿಗಬೇಕಾದದ್ದನ್ನು ತಡೆದು ಕೀಳುವ ಲಂಚಕ್ಕೆ ಇದು ನಾಟುತ್ತದೆ. ಅನರ್ಹನು ಎರಡರ ಬದಲು ನಾಲ್ಕು ಮಹಡಿ ಕಟ್ಟಲು ಕೊಡುವ ಲಂಚದಲ್ಲಿ ಕೊಟ್ಟವನೂ ಪಡೆದವನೂ ಸುಖಿಗಳು, ದೂರು ಕೊಡುವವರೇ ಇಲ್ಲ. ಅಲ್ಲಿ ಸರದಿಯಿಂದ ಪ್ರಯೋಜನವಿಲ್ಲ. ಚೀಟಿಯ ತಪಾಸಕ ಮತ್ತು ಆ ನೂರಕ್ಕೆ ಐದರ ಮರುಪರಿಶೀಲನೆ ಸ್ವಲ್ಪ ಹಿಡಿಯಬಹುದು.

ದೊಡ್ಡ ಭ್ರಷ್ಟಾಚಾರಕ್ಕೂ ಈ ವಿನ್ಯಾಸಕ್ಕೂ ಸಂಬಂಧವೇ ಇಲ್ಲ. ಭೂಬಳಕೆ ಬದಲಾವಣೆ, ಒಬ್ಬನಿಗೇ ಹೊಂದುವಂತೆ ಬರೆದ ಟೆಂಡರ್ ಷರತ್ತು, ಗುತ್ತಿಗೆ ಕೊಟ್ಟ ಮೇಲೆ ಹಿಗ್ಗುವ ಅಂದಾಜು ಪಟ್ಟಿ, ಇವು ವರ್ಷಕ್ಕೆ ಹತ್ತಾರು ಬರುವ ನಿರ್ಧಾರಗಳು. ಸಾಲೇ ಇಲ್ಲದ ಕಡೆ ಸರದಿ ಎಲ್ಲಿಂದ ಬರಬೇಕು? ಅಲ್ಲಿ ನೋಡಬೇಕಾದದ್ದು ಎಷ್ಟು ಜನ ಟೆಂಡರ್ ಹಾಕಿದರು, ಹಾಕಲು ಎಷ್ಟು ದಿನ ಕೊಟ್ಟರು, ಸಹಿಯಾದ ಮೇಲೆ ಎಷ್ಟು ಸಲ ತಿದ್ದುಪಡಿಯಾಯಿತು ಎಂಬುದು. ಕಿಟಕಿ ಸ್ವಚ್ಛವಾಯಿತೆಂದು ಕಟ್ಟಡವೇ ಸ್ವಚ್ಛವಾಯಿತು ಎನ್ನುವವರೊಂದಿಗೆ ವಾದ ಮಾಡಿ ಸಾಕಾಗಿದೆ.

ಹಾಗೆಂದು ಎರಡೂ ಬೇರೆ ಬೇರೆ ಲೋಕಗಳೂ ಅಲ್ಲ. ದಕ್ಷಿಣ ಭಾರತದ ನೀರಾವರಿ ಕಾಲುವೆಗಳನ್ನು ಅಧ್ಯಯನ ಮಾಡಿದ ರಾಬರ್ಟ್ ವೇಡ್ 1982ರಲ್ಲೇ ತೋರಿಸಿಕೊಟ್ಟರು: ಎಂಜಿನಿಯರುಗಳು ಒಳ್ಳೆಯ ಜಾಗಕ್ಕೆ ವರ್ಗವಾಗಲು ಹಣ ಕೊಡುತ್ತಾರೆ, ಆ ಹಣವನ್ನು ರೈತರಿಂದಲೂ ಕಾಮಗಾರಿಗಳಿಂದಲೂ ಎತ್ತುತ್ತಾರೆ. ಕುರ್ಚಿಗೆ ಕೊಟ್ಟು ಬಂದವನಿಗೆ ಸಣ್ಣ ಲಂಚ ಎಂದರೆ ಸಾಲದ ಕಂತು. ಅವನ ಟೇಬಲ್ಲಿನಿಂದ ಆರಿಸುವ ಅಧಿಕಾರ ಕಿತ್ತರೆ ನೋವು ಅವನೊಬ್ಬನಿಗಲ್ಲ, ಮೇಲೆ ಕೂತವರಿಗೂ ಮುಟ್ಟುತ್ತದೆ. ಆಗಲೇ ಸರ್ವರ್ ಪದೇ ಪದೇ ಕೆಡಲು ಶುರುವಾಗುತ್ತದೆ, ‘ತಾತ್ಕಾಲಿಕವಾಗಿ’ ಕೈಬರಹದ ರಿಜಿಸ್ಟರ್ ಮರಳಿ ಬರುತ್ತದೆ, ತಂತ್ರಾಂಶದಲ್ಲಿ ‘ತುರ್ತು’ ಎಂಬ ಗುಂಡಿ ಮೂಡುತ್ತದೆ. ಆ ಗುಂಡಿಯನ್ನು ಕೇಳಿದವರು ಯಾರು, ಯಾವ ತಾರೀಖಿನಲ್ಲಿ ಕೇಳಿದರು ಎಂಬ ಪತ್ರವ್ಯವಹಾರ ಸಾಮಾನ್ಯವಾಗಿ ಕಡತದಲ್ಲೇ ಇರುತ್ತದೆ. ತನಿಖೆಗೆ ಹೋದವರು ಕ್ಯಾಮೆರಾದ ದೃಶ್ಯ ಕೇಳುವ ಮೊದಲು ಅದನ್ನು ಕೇಳಿ.