ಪದ ಪರಿಚಯ: ಸ್ಲೈಡ್ ಸ್ಪ್ಲಿಟ್, ಅಂದ್ರೆ ತುಂಬಿ ತುಳುಕೋ ಮೂರನೇ ಸ್ಲೈಡನ್ನ ಒಡೆಯೋದು

ಕ್ಯಾರೊಸೆಲ್ ಅಂದ್ರೆ ಗೊತ್ತಲ್ಲ, ಒಂದೇ ಪೋಸ್ಟಲ್ಲಿ ಪಕ್ಕಕ್ಕೆ ಸ್ವೈಪ್ ಮಾಡ್ತಾ ಹೋಗೋ ನಾಲ್ಕಾರು ಚಿತ್ರ. ಇದರ ಡ್ರಾಫ್ಟ್ ರಿವ್ಯೂಗೆ ಬಂದಾಗ ತುಂಬಾ ಸಲ ಬೀಳೋ ಕಾಮೆಂಟು "ಸ್ಲೈಡ್ 3 ಸ್ಪ್ಲಿಟ್ ಮಾಡಿ" ಅನ್ನೋದು. ಇದನ್ನ ಕೇಳಿದ ತಕ್ಷಣ ತುಂಬಾ ಜನ ಮಾಡೋದು ಏನು ಅಂದ್ರೆ ಟೆಕ್ಸ್ಟನ್ನ ಸರಿಯಾಗಿ ಮಧ್ಯಕ್ಕೆ ಕತ್ತರಿಸಿ ಅರ್ಧ ಇಲ್ಲಿ, ಅರ್ಧ ಮುಂದಿನ ಸ್ಲೈಡಲ್ಲಿ ಹಾಕಿ, ಮೇಲೆ "ಮುಂದುವರಿದಿದೆ" ಅಂತ ಬರೆಯೋದು. ಅದು ಸ್ಪ್ಲಿಟ್ ಅಲ್ಲ, ಒಂದೇ ಪ್ಯಾರಾ ಎರಡು ಪುಟಕ್ಕೆ ಹರಿದಿದೆ ಅಷ್ಟೇ. ಸ್ಪ್ಲಿಟ್ ಅಂದ್ರೆ ಆ ಸ್ಲೈಡಲ್ಲಿ ಎಷ್ಟು ಮಾತು ಅಡಗಿದೆ ಅಂತ ಹುಡುಕಿ ಒಂದೊಂದಕ್ಕೂ ಅದರದ್ದೇ ಜಾಗ ಕೊಡೋದು, ಕೆಲವೊಮ್ಮೆ ಆ ಜಾಗ ಪಕ್ಕದ ಸ್ಲೈಡ್ ಆಗಿರಲ್ಲ, ತುಂಬಾ ಮುಂದೆ ಇರುತ್ತೆ.

ಮೂರನೇದೇ ಯಾಕೆ ಅಂತ ಕೇಳಬಹುದು. ಮೊದಲನೇದು ಕವರ್, ಎರಡನೇದು "ಇದು ನಿಮಗೆ ಯಾಕೆ ಬೇಕು" ಅನ್ನೋ ಪೀಠಿಕೆ, ಹಾಗಾಗಿ ನಿಜವಾದ ವಿಷಯ ಶುರುವಾಗೋದು ಮೂರರಲ್ಲಿ. ಬರೆಯೋರು ಅಲ್ಲಿವರೆಗೂ ತಡ್ಕೊಂಡು ಇರ್ತಾರೆ, ಮೂರು ಬಂದ ಕೂಡ್ಲೇ ಗೊತ್ತಿರೋದೆಲ್ಲ ಒಂದೇ ಸಲ ಸುರೀತಾರೆ.

ಒಂದು ಉದಾಹರಣೆ ಇಟ್ಕೊಂಡೇ ನೋಡೋಣ. ಅಕೌಂಟ್ ಸೇಫ್ಟಿ ಬಗ್ಗೆ ಆರು ಸ್ಲೈಡಿನ ಡ್ರಾಫ್ಟ್ ಅಂದ್ಕೊಳ್ಳಿ. 1 ಕವರ್: "ಪಾಸ್‌ವರ್ಡ್ ಒಂದೇ ಸಾಕಾಗಲ್ಲ". 2: "ಪಾಸ್‌ವರ್ಡ್ ಕದ್ದವರೂ ಒಳಗೆ ಬರೋಕಾಗದ ಹಾಗೆ ಮಾಡಬಹುದು". 4 ಸೆಟ್ಟಿಂಗ್ಸಲ್ಲಿ ಆನ್ ಮಾಡೋದು ಹೇಗೆ, 5 ಯಾವ ಅಕೌಂಟಿಗೆ ಮೊದಲು ಮಾಡಬೇಕು, 6 ಸೇವ್ ಮಾಡ್ಕೊಳ್ಳಿ, ಶೇರ್ ಮಾಡಿ. ಮೂರನೇದರಲ್ಲಿ ಇರೋದು ಇದು:

"ಟೂ ಸ್ಟೆಪ್ ವೆರಿಫಿಕೇಶನ್ ಅಂದ್ರೆ ಪಾಸ್‌ವರ್ಡ್ ಹಾಕಿದ ಮೇಲೆ ಇನ್ನೊಂದು ಕೋಡ್ ಕೇಳೋದು. ಈ ಕೋಡ್ ಎಸ್‌ಎಂಎಸ್‌ನಲ್ಲಿ ಬರಬಹುದು ಅಥವಾ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಸಿಗಬಹುದು. ಆದರೆ ಎಸ್‌ಎಂಎಸ್ ಅಷ್ಟು ಸೇಫ್ ಅಲ್ಲ, ಯಾಕಂದ್ರೆ ಯಾರಾದ್ರೂ ನಿಮ್ಮ ನಂಬರಿಗೆ ಡೂಪ್ಲಿಕೇಟ್ ಸಿಮ್ ತಗೊಂಡ್ರೆ ಕೋಡ್ ಅವರಿಗೆ ಹೋಗುತ್ತೆ. ಆ್ಯಪ್‌ನಲ್ಲಿ ಕೋಡ್ ಫೋನ್‌ನಲ್ಲೇ ತಯಾರಾಗುತ್ತೆ, ನೆಟ್‌ವರ್ಕ್ ಬೇಕಿಲ್ಲ, 30 ಸೆಕೆಂಡಿಗೊಮ್ಮೆ ಬದಲಾಗುತ್ತೆ. ಫೋನ್ ಕಳೆದುಹೋದ್ರೆ ಕಷ್ಟ ಆಗಬಾರದು ಅಂದ್ರೆ ಬ್ಯಾಕಪ್ ಕೋಡ್ ಬರೆದಿಟ್ಟುಕೊಳ್ಳಿ."

ಎಣಿಸಿದ್ರೆ 50 ಪದ. ಓದೋಕೆ ಏನೂ ತಪ್ಪಿಲ್ಲ, ಲೇಖನದಲ್ಲಿ ಇದ್ದಿದ್ರೆ ಒಳ್ಳೆ ಪ್ಯಾರಾನೇ. ತೊಂದರೆ ಆಗೋದು ಇದು ಸ್ಲೈಡಿಗೆ ಹಿಡಿಸಬೇಕು ಅಂದಾಗ. ಕ್ಯಾನ್ವಾಸ್ ಸಾಮಾನ್ಯವಾಗಿ 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರ. ಅದೇ ಚಿತ್ರ ಫೋನಲ್ಲಿ ಕಾಣೋದು ಸುಮಾರು 390 ಪಾಯಿಂಟ್ ಅಗಲದಲ್ಲಿ, ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಎಲ್ಲಾ ಹಿಡಿಸ್ಲಿ ಅಂತ ಡಿಸೈನರ್ ಫಾಂಟನ್ನ 44ರಿಂದ 28ಕ್ಕೆ ಇಳಿಸಿದ್ರೆ ಲ್ಯಾಪ್‌ಟಾಪ್ ಪರದೆಲಿ ಚೆನ್ನಾಗೇ ಕಾಣುತ್ತೆ, ಫೋನಲ್ಲಿ ಮಾತ್ರ ಅದು ಬರೀ 10 ಪಾಯಿಂಟ್. 44 ಇದ್ದಿದ್ರೆ 16ರ ಹತ್ರ ಇರ್ತಿತ್ತು, ಆರಾಮಾಗಿ ಓದಬಹುದಿತ್ತು. ಆಮೇಲೆ ಕನ್ನಡಕ್ಕೆ ಇನ್ನೊಂದು ಪೇಚಿದೆ, ಫಾಂಟ್ ಇಳಿಸಿದ್ದು ಸಾಲದು ಅಂತ ಸಾಲುಗಳ ಅಂತರನೂ ಬಿಗಿ ಮಾಡಿದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ಏತ್ವಕ್ಕೆ ಹೋಗಿ ತಗುಲುತ್ತೆ. ಹಾಗಾಗಿ ರಿವ್ಯೂ ಮಾಡೋರು ಡ್ರಾಫ್ಟನ್ನ ಫೋನಿಗೆ ಕಳಿಸ್ಕೊಂಡು ಕೈ ಚಾಚಿ ಹಿಡಿದು ನೋಡ್ಬೇಕು, ಝೂಮ್ ಮಾಡೋಕೆ ಬೆರಳು ಹೋಯ್ತು ಅಂದ್ರೆ ಆ ಸ್ಲೈಡ್ ಫೇಲ್.

ಈಗ ಒಡೆಯೋ ಕೆಲಸ. ಮೊದಲು ಮಾಡಬೇಕಾದ್ದು ಪ್ರತಿ ವಾಕ್ಯದ ಪಕ್ಕ ಅದು ಉತ್ತರ ಕೊಡ್ತಿರೋ ಪ್ರಶ್ನೆ ಬರೆಯೋದು. ಮೊದಲನೇ ವಾಕ್ಯ "ಇದು ಏನು?", ಎರಡನೇದು "ಕೋಡ್ ಎಲ್ಲಿಂದ ಬರುತ್ತೆ?", ಮೂರನೇದು "ಎಸ್‌ಎಂಎಸ್ ಯಾಕೆ ಬೇಡ?", ನಾಲ್ಕನೇದು "ಆ್ಯಪ್ ಯಾಕೆ ಮೇಲು?", ಕೊನೇದು "ಫೋನ್ ಹೋದ್ರೆ ಏನ್ಮಾಡೋದು?". ಐದು ಪ್ರಶ್ನೆ ಅಂತ ಐದು ಸ್ಲೈಡ್ ಮಾಡಬೇಕಿಲ್ಲ, ಮೊದಲ ಎರಡು ಪ್ರಶ್ನೆ ಒಂದೇ ಉಸಿರಲ್ಲಿ ಹೇಳುವಂಥವು, ಅವು ಒಟ್ಟಿಗೇ ಇರ್ಲಿ. ಅವೇ ಹೊಸ 3: "ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಕೋಡ್. ಅದು ಎಸ್‌ಎಂಎಸ್‌ನಲ್ಲಿ ಬರುತ್ತೆ, ಇಲ್ಲಾ ಆ್ಯಪ್‌ನಲ್ಲಿ ಸಿಗುತ್ತೆ." ಹೊಸ 4: "ಎಸ್‌ಎಂಎಸ್ ಕೋಡ್: ನಿಮ್ಮ ನಂಬರಿಗೆ ಬೇರೆಯವರು ಡೂಪ್ಲಿಕೇಟ್ ಸಿಮ್ ತಗೊಂಡ್ರೆ ಕೋಡ್ ಅವರಿಗೇ ಹೋಗುತ್ತೆ." ಹೊಸ 5: "ಆ್ಯಪ್ ಕೋಡ್: ನಿಮ್ಮ ಫೋನಲ್ಲೇ ತಯಾರಾಗುತ್ತೆ, ನೆಟ್‌ವರ್ಕ್ ಇಲ್ಲದಿದ್ರೂ ನಡೆಯುತ್ತೆ." 30 ಸೆಕೆಂಡಿನ ವಿಷಯ ನಾನಾದ್ರೆ ಕ್ಯಾಪ್ಶನ್‌ಗೆ ತಳ್ತೀನಿ, ಗೊತ್ತಿದ್ರೆ ಒಳ್ಳೇದು, ಗೊತ್ತಿಲ್ಲ ಅಂತ ಯಾರ ಕೆಲಸನೂ ನಿಲ್ಲಲ್ಲ.

ಬ್ಯಾಕಪ್ ಕೋಡಿನ ವಾಕ್ಯ ಇದೆಯಲ್ಲ, ಅದು ಈ ಜಾಗದ್ದೇ ಅಲ್ಲ. ಓದುಗರು ಇನ್ನೂ ಆನ್ ಮಾಡೇ ಇಲ್ಲ, ಬರೆದಿಡೋಕೆ ಅವರ ಕೈಲಿ ಕೋಡ್ ಎಲ್ಲಿದೆ? ಆ ಕೋಡ್ ಸಿಗೋದು ಆನ್ ಮಾಡೋವಾಗ, ಹಾಗಾಗಿ ಅದು ಸೆಟ್ಟಿಂಗ್ಸ್ ಸ್ಲೈಡ್ ಆದ ಮೇಲೆ ಬರ್ಬೇಕು. ಅಲ್ಲಿಗೆ ಆರು ಇದ್ದದ್ದು ಒಂಬತ್ತಾಗುತ್ತೆ: 6 ಆನ್ ಮಾಡೋದು, 7 ಬ್ಯಾಕಪ್ ಕೋಡ್, 8 ಯಾವ ಅಕೌಂಟ್ ಮೊದಲು, 9 ಕೊನೇದು. ಸ್ಲೈಡ್ ಜಾಸ್ತಿ ಆಯ್ತಲ್ಲ ಅಂತ ಹೆದರೋರು ಇದ್ದಾರೆ, ನನಗೇನೋ ಒಂದು ದಪ್ಪ ಸ್ಲೈಡಿಗಿಂತ ನಾಲ್ಕು ಹಗುರ ಸ್ಲೈಡೇ ವಾಸಿ ಅನ್ಸುತ್ತೆ, ಇನ್‌ಸ್ಟಾಗ್ರಾಮಲ್ಲಿ 20ರವರೆಗೂ ಹಾಕಬಹುದು ಬೇರೆ.

ಒಡೆದಾಗ ತಪ್ಪದೆ ಕೆಡೋದು ವಾಕ್ಯಗಳ ಕೊಂಡಿ. ಹಳೇ ಪ್ಯಾರಾದಲ್ಲಿ "ಈ ಕೋಡ್", "ಆದರೆ" ಇದ್ವು, ಅವಕ್ಕೆ ಹಿಂದಿನ ವಾಕ್ಯದ ಆಸರೆ ಇತ್ತು. "ಆದರೆ ಎಸ್‌ಎಂಎಸ್ ಅಷ್ಟು ಸೇಫ್ ಅಲ್ಲ" ಅಂತ ಹೊಸ ಸ್ಲೈಡ್ ಶುರುವಾದ್ರೆ, ಯಾರಾದ್ರೂ ಅದೊಂದನ್ನೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದಾಗ ನೋಡಿದವರಿಗೆ ತಲೆಬುಡ ಗೊತ್ತಾಗಲ್ಲ. ಅದಕ್ಕೇ ಮೇಲೆ "ಎಸ್‌ಎಂಎಸ್ ಕೋಡ್", "ಆ್ಯಪ್ ಕೋಡ್" ಅಂತ ಹೆಸರು ಹಿಡಿದೇ ಶುರು ಮಾಡಿದ್ದು.

ಒಡೀಬಾರದ ಸಂದರ್ಭನೂ ಇದೆ. ಡಿಸೈನರ್ ಬಂದು "ಎಸ್‌ಎಂಎಸ್, ಆ್ಯಪ್ ಎರಡನ್ನೂ ಅಕ್ಕಪಕ್ಕ ಇಟ್ರೇ ತಾನೆ ಹೋಲಿಕೆ ಕಾಣೋದು" ಅಂದ್ರೆ ಆ ಮಾತಲ್ಲಿ ನ್ಯಾಯ ಇದೆ. ಹೋಲಿಕೆನೇ ಮುಖ್ಯ ಆಗಿದ್ರೆ ಬೇರೆ ಮಾಡ್ಬೇಡಿ, ಬದಲಿಗೆ ಪದ ಕಡಿಮೆ ಮಾಡಿ: ಎಡಗಡೆ "ಸಿಮ್ ಹೋದ್ರೆ ಕೋಡೂ ಹೋಯ್ತು", ಬಲಗಡೆ "ಕೋಡ್ ಫೋನಲ್ಲೇ ಇರುತ್ತೆ". ಆದ್ರೆ ಈ ಉದಾಹರಣೆಲಿ ಡೂಪ್ಲಿಕೇಟ್ ಸಿಮ್ಮಿನ ಕಥೆ ಬಿಡಿಸಿ ಹೇಳದೆ ಹೋದ್ರೆ ಹೊಸಬರಿಗೆ ಅರ್ಥ ಆಗಲ್ಲ ಅಂತ ನಾನು ಎರಡು ಸ್ಲೈಡ್ ಆರಿಸ್ಕೊಂಡೆ.

ರಿವ್ಯೂ ಕಾಮೆಂಟ್ ಬರೆಯೋರು "ಟೆಕ್ಸ್ಟ್ ಜಾಸ್ತಿ ಆಯ್ತು" ಅಂತ ಬಿಟ್ರೆ ಫಾಂಟ್ ಇನ್ನೂ ಚಿಕ್ಕದಾಗಿ ವಾಪಸ್ ಬರುತ್ತೆ, ಗ್ಯಾರಂಟಿ. ಹೀಗೆ ಬರೀರಿ: "ವಾಕ್ಯ 1, 2 ಇಲ್ಲೇ ಇರ್ಲಿ. 3 ಹೊಸ ಸ್ಲೈಡ್ 4ಕ್ಕೆ, 4 ಹೊಸ ಸ್ಲೈಡ್ 5ಕ್ಕೆ, 30 ಸೆಕೆಂಡ್ ಕ್ಯಾಪ್ಶನ್‌ಗೆ. ಕೊನೇ ವಾಕ್ಯ ಸೆಟ್ಟಿಂಗ್ಸ್ ಆದ್ಮೇಲೆ. ಫಾಂಟ್ 44ಕ್ಕಿಂತ ಕೆಳಗೆ ಬೇಡ." ಡ್ರಾಫ್ಟ್ ತಿದ್ದಿ ವಾಪಸ್ ಬಂದಾಗ ಮೂಲೆಲಿರೋ "3/6" ಥರದ ನಂಬರ್ "3/9" ಆಗಿದೆಯಾ ನೋಡಿ, ಕ್ಯಾಪ್ಶನ್‌ನಲ್ಲಿ "ನಾಲ್ಕನೇ ಸ್ಲೈಡಲ್ಲಿ ಸ್ಟೆಪ್ಸ್ ಇದೆ" ಅಂತ ಹಳೇ ಸಾಲು ಉಳಿದಿದ್ರೆ ಅದೀಗ ಆರನೇದು, ಅದನ್ನೂ ತಿದ್ದಿಸಿ.